‘ಸ್ಟ್ರಾಟೆಜಿಕ್’ ಎಂಬ ಮಾತಿಗೆ ಎಷ್ಟು ಬೆಲೆ?

ನಷ್ಟ ತೋರಿಸುವ ಯೋಜನೆಯೊಂದು ಆಡಳಿತ ಮಂಡಳಿಯ ಮುಂದೆ ಬಂದಾಗ ಯಾರಾದರೊಬ್ಬರು ‘ಇದು ಸ್ಟ್ರಾಟೆಜಿಕ್ ಹೂಡಿಕೆ’ ಎಂದುಬಿಡುತ್ತಾರೆ. ಅಲ್ಲಿಗೆ ಚರ್ಚೆ ಮುಗಿಯುತ್ತದೆ. ನಿಜವಾಗಿ ಅದು ಶುರುವಾಗಬೇಕಾದದ್ದು ಅಲ್ಲಿಂದಲೇ: ನಷ್ಟ ತುಂಬಬೇಕಾದರೆ ಆ ಮಾತಿಗೆ ಎಷ್ಟು ಹಣದ ಬೆಲೆ ಇರಬೇಕು?

ಯೋಜನೆಯಿಂದ ಮುಂದೆ ಬರುವ ಹಣವನ್ನೆಲ್ಲ ಇಂದಿನ ಮೌಲ್ಯಕ್ಕೆ ಇಳಿಸಿ, ಹೂಡಿಕೆಯನ್ನು ಕಳೆದರೆ ಸಿಗುವುದು ಎನ್‌ಪಿವಿ, ಅಂದರೆ ನಿವ್ವಳ ಪ್ರಸ್ತುತ ಮೌಲ್ಯ. ಅದು ಮೈನಸ್ ಬಂದರೆ ಎಷ್ಟು ಮೈನಸ್ಸೋ ಅಷ್ಟನ್ನು ಬೇರೆ ಕಡೆಯಿಂದ ತರಬೇಕು.

ಬ್ರೀಲಿ ಮತ್ತು ಮೈಯರ್ಸ್ ಅವರ ಹೆಸರಾಂತ ಹಣಕಾಸು ಪಠ್ಯಪುಸ್ತಕದಲ್ಲಿ ಇದಕ್ಕೊಂದು ಕಾಲ್ಪನಿಕ ಉದಾಹರಣೆ ಇದೆ. 1982ರಲ್ಲಿ ಬ್ಲಿಟ್ಜನ್ ಎಂಬ ಕಂಪನಿ ‘ಮಾರ್ಕ್ 1’ ಎಂಬ ಕಂಪ್ಯೂಟರ್ ತರಲು ಹೊರಟಿದೆ. ಹೂಡಿಕೆ 45 ಕೋಟಿ ಡಾಲರ್. ಶೇ 20ರ ದರದಲ್ಲಿ ಲೆಕ್ಕ ಹಾಕಿದರೆ ಎನ್‌ಪಿವಿ ಮೈನಸ್ 4.6 ಕೋಟಿ. ಆದರೂ ಮಾಡೋಣ ಎನ್ನುತ್ತಾರೆ ಅಧಿಕಾರಿಗಳು. ಈಗ ಮಾರುಕಟ್ಟೆಗೆ ಇಳಿಯದಿದ್ದರೆ ಮೂರು ವರ್ಷದ ಮೇಲೆ ‘ಮಾರ್ಕ್ 2’ ತರುವ ದಾರಿಯೇ ಮುಚ್ಚಿಹೋಗುತ್ತದೆ ಎಂಬುದು ಅವರ ವಾದ.

ಮಾರ್ಕ್ 2ಕ್ಕೆ 1985ರಲ್ಲಿ 90 ಕೋಟಿ ಹಾಕಬೇಕು. ಅದರಿಂದ ಬರುವ ಹಣದ ಮೌಲ್ಯ ಆ ಹೊತ್ತಿಗೆ ಸುಮಾರು 80.7 ಕೋಟಿ ಎಂಬ ಅಂದಾಜು. ಅಂದರೆ ಅದೂ ನಷ್ಟದ್ದೇ! ಎರಡು ನಷ್ಟ ಸೇರಿ ಲಾಭ ಹೇಗಾದೀತು?

ಉತ್ತರ ಇರುವುದು ಬಿಡುವ ಸ್ವಾತಂತ್ರ್ಯದಲ್ಲಿ. ಸೈಟಿಗೆ ಟೋಕನ್ ಅಡ್ವಾನ್ಸ್ ಕೊಟ್ಟವರು ಬೆಲೆ ಏರಿದರೆ ಕೊಳ್ಳುತ್ತಾರೆ, ಬಿದ್ದರೆ ಅಡ್ವಾನ್ಸ್ ಬಿಟ್ಟು ಹೊರಡುತ್ತಾರೆ. ಮಾರ್ಕ್ 2 ಕೂಡ ಹಾಗೆಯೇ. 1985ರಲ್ಲಿ ಮಾರುಕಟ್ಟೆ ಉಬ್ಬಿದ್ದರೆ 90 ಕೋಟಿ ಹಾಕಬಹುದು, ಇಲ್ಲದಿದ್ದರೆ ಒಂದು ಡಾಲರನ್ನೂ ಹಾಕಬೇಕಿಲ್ಲ. ಷೇರುಪೇಟೆಯ ಭಾಷೆಯಲ್ಲಿ ಇದು ಕಾಲ್ ಆಪ್ಷನ್. 80.7 ಕೋಟಿಯ ಇಂದಿನ ಮೌಲ್ಯ 46.7 ಕೋಟಿ, ಅವಧಿ ಮೂರು ವರ್ಷ, ಬಡ್ಡಿ ಶೇ 10, ಯೋಜನೆಯ ಮೌಲ್ಯದಲ್ಲಿ ವರ್ಷಕ್ಕೆ ಶೇ 35ರ ಏರಿಳಿತ. ಇಷ್ಟನ್ನು ಬ್ಲಾಕ್-ಶೋಲ್ಸ್ ಸೂತ್ರಕ್ಕೆ ಕೊಟ್ಟರೆ ಆಪ್ಷನ್ನಿನ ಬೆಲೆ ಸುಮಾರು 5.5 ಕೋಟಿ ಬರುತ್ತದೆ. 4.6 ಕೋಟಿಯ ಹಳ್ಳ ತುಂಬಿ, ಸುಮಾರು 90 ಲಕ್ಷ ಡಾಲರ್ ಮಿಗುತ್ತದೆ.

ಪಠ್ಯಪುಸ್ತಕ ಇಲ್ಲಿ ತೃಪ್ತಿಪಟ್ಟುಕೊಳ್ಳಬಹುದು. ಹಣ ಹಾಕುವವರು ಪಡಬಾರದು. ಅವರು ಲೆಕ್ಕವನ್ನು ತಿರುಗಿಸಿ ಕೇಳಬೇಕು: ಬೆಲೆ ಸರಿಯಾಗಿ 4.6 ಕೋಟಿಗೆ ನಿಲ್ಲಬೇಕಾದರೆ ಏರಿಳಿತ ಎಷ್ಟಿರಬೇಕು? ಶೇ 32. ಅಂದರೆ ಊಹೆ ಮೂರೇ ಅಂಶ ತಪ್ಪಿದರೂ ಮಿಗುವುದು ಏನೂ ಇಲ್ಲ. ಶೇ 25ಕ್ಕೆ ಇಳಿದರೆ ಬೆಲೆ 2.6 ಕೋಟಿ, ಹಳ್ಳ ಅರ್ಧಕ್ಕಿಂತ ಸ್ವಲ್ಪವಷ್ಟೇ ಹೆಚ್ಚು ತುಂಬುತ್ತದೆ. ಷೇರಿಗಾದರೆ ದಿನದಿನದ ದರಪಟ್ಟಿ ಇರುತ್ತದೆ. ಇನ್ನೂ ಹುಟ್ಟದ ಕಂಪ್ಯೂಟರಿಗೆ ಅದಿಲ್ಲ. ಅದೇ ಬಗೆಯ ಕಂಪನಿಗಳ ಷೇರು ನೋಡಿ ಅಂದಾಜು ಮಾಡಬೇಕಷ್ಟೆ. ಹಾಗಾಗಿ ‘ಶೇ 35 ಸರಿಯೇ?’ ಎಂದು ಜಗಳವಾಡುವುದಕ್ಕಿಂತ ‘ಶೇ 32ಕ್ಕಿಂತ ಮೇಲಿದೆ ಎಂದು ನಂಬಲು ಕಾರಣವೇನು?’ ಎಂದು ಕೇಳುವುದು ಸುಲಭ, ಪ್ರಾಮಾಣಿಕವೂ ಹೌದು.

ಇನ್ನೊಂದು ಪ್ರಶ್ನೆ ಇದಕ್ಕಿಂತ ಕಠಿಣ. ಮಾರ್ಕ್ 1 ಮಾಡದಿದ್ದರೆ ಮಾರ್ಕ್ 2 ನಿಜಕ್ಕೂ ಕೈತಪ್ಪುತ್ತದೆಯೇ? ಸುಮ್ಮನಿದ್ದು 1985ರಲ್ಲೇ ನೇರ ನುಗ್ಗುವ ಸಾಧ್ಯತೆ ಶೇ 40 ಇದ್ದರೆ, ಮಾರ್ಕ್ 1ರ ಖಾತೆಗೆ ಬರೆಯಬಹುದಾದದ್ದು 5.5 ಕೋಟಿಯ ಶೇ 60 ಮಾತ್ರ, ಅಂದರೆ 3.3 ಕೋಟಿ. ಯೋಜನೆ ಬಿದ್ದಂತೆಯೇ. ಅದು ನಿಲ್ಲಬೇಕಾದರೆ ಆಪ್ಷನ್ನಿನ ಶೇ 84ರಷ್ಟಾದರೂ ಮಾರ್ಕ್ 1ರಿಂದಲೇ ಹುಟ್ಟಬೇಕು. ‘ಸ್ಟ್ರಾಟೆಜಿಕ್’ ಎನ್ನುವವರು ಜಾರಿಕೊಳ್ಳುವುದು ಹೆಚ್ಚಾಗಿ ಈ ಜಾಗದಲ್ಲಿ.

ಆಪ್ಷನ್ನನ್ನು ಉಳಿಸಿಕೊಳ್ಳುವುದಕ್ಕೂ ಖರ್ಚಿದೆ, ಅದನ್ನೂ ಹಳ್ಳಕ್ಕೇ ಸೇರಿಸಬೇಕು. ಏರ್‌ಬಸ್ 2000ರ ಡಿಸೆಂಬರಿನಲ್ಲಿ ಘೋಷಿಸಿದ ಎ380 ವಿಮಾನ ಇದಕ್ಕೆ ಸಾಕ್ಷಿ. ಮುಂದೆ ಇನ್ನೂ ಉದ್ದದ ಮಾದರಿ ತರಬಹುದೆಂದು ರೆಕ್ಕೆಯನ್ನು ಮೊದಲೇ ದೊಡ್ಡದಾಗಿ ರೂಪಿಸಿದ್ದರು. ಹೀಗಾಗಿ ಮಾರಾಟವಾದ ಪ್ರತಿ ವಿಮಾನವೂ ತನಗೆ ಬೇಡದ ಭಾರವನ್ನು ಹೊತ್ತು ಹಾರಿತು, ಅದರ ಇಂಧನವನ್ನೂ ಸುಟ್ಟಿತು. ಸರಕು ಸಾಗಿಸುವ ಮಾದರಿಗೆ ಆರ್ಡರ್ ಕೊಟ್ಟಿದ್ದ ಫೆಡೆಕ್ಸ್ 2006ರಲ್ಲಿ, ಯುಪಿಎಸ್ 2007ರಲ್ಲಿ ಹಿಂದೆ ಸರಿದವು. ಉದ್ದದ ಮಾದರಿ ಬರಲೇ ಇಲ್ಲ. 2021ರ ಡಿಸೆಂಬರಿನಲ್ಲಿ ಕೊನೆಯ ಎ380 ಎಮಿರೇಟ್ಸ್‌ ಕೈ ಸೇರಿದಾಗ ಒಟ್ಟು ವಿತರಣೆ 251. ಅಷ್ಟೂ ವಿಮಾನಗಳಿಗೆ ಇದ್ದದ್ದು ಎಂದೂ ಬಾರದ ಅಣ್ಣನ ಅಳತೆಯ ರೆಕ್ಕೆ.