ಟೆಂಡರ್ ಹಿಂಪಡೆದರೆ ಇಎಂಡಿ ಕೈಗೆ ಬರುತ್ತದೆಯೇ?

ಡಾಂಬರಿನ ದರ ಏರಿದೆ, ನಮೂದಿಸಿದ ಮೊತ್ತಕ್ಕೆ ಕೆಲಸ ಆಗುವುದಿಲ್ಲ, ಟೆಂಡರ್ ವಾಪಸ್ ಪಡೆಯುತ್ತೇವೆ, ಇಎಂಡಿ ಹಿಂದಿರುಗಿಸಿ. ಸಣ್ಣ ಗುತ್ತಿಗೆದಾರರು ಇಂಥ ಪತ್ರ ಬರೆಯುವಾಗ ಕಾರಣ ನ್ಯಾಯವಾಗಿದ್ದರೆ ಸಾಕು ಎಂದುಕೊಳ್ಳುತ್ತಾರೆ. ಆದರೆ ಠೇವಣಿಯ ಗತಿಯನ್ನು ನಿರ್ಧರಿಸುವುದು ಹೆಚ್ಚಾಗಿ ಕಾರಣವಲ್ಲ, ತಾರೀಖು.

1872ರ ಕರಾರು ಕಾಯ್ದೆಯ 5ನೇ ಕಲಮಿನ ಪ್ರಕಾರ, ಒಪ್ಪಿಗೆ ಪತ್ರ ರವಾನೆಯಾಗುವ ಮುನ್ನ ಯಾರು ಬೇಕಾದರೂ ತಮ್ಮ ಪ್ರಸ್ತಾವವನ್ನು ಹಿಂಪಡೆಯಬಹುದು. ಈ ಹಕ್ಕನ್ನೇ ನಂಬಿ ಠೇವಣಿಯನ್ನೂ ಕೇಳಿದ ಪ್ರಕರಣವೊಂದು 2003ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಹೆದ್ದಾರಿ ಸುಂಕ ವಸೂಲಿಯ ಟೆಂಡರ್ ಹಾಕಿದ್ದ ಗಂಗಾ ಎಂಟರ್‌ಪ್ರೈಸಸ್, ಊರ್ಜಿತಾವಧಿ ಮುಗಿಯುವ ಮೊದಲೇ ಅದನ್ನು ಹಿಂಪಡೆದಿತ್ತು. ದೆಹಲಿ ಹೈಕೋರ್ಟ್ ಅದರ ಪರ ನಿಂತರೂ ಸುಪ್ರೀಂ ಕೋರ್ಟ್ ಹೆದ್ದಾರಿ ಪ್ರಾಧಿಕಾರದ ವಾದವನ್ನು ಒಪ್ಪಿತು. ಪ್ರಸ್ತಾವ ಹಿಂಪಡೆಯುವ ಹಕ್ಕು ಬೇರೆ, ಹಿಂದೆ ಸರಿದರೆ ಠೇವಣಿ ಜಪ್ತಿ ಎಂಬ ಷರತ್ತು ಬೇರೆ. ಷರತ್ತಿಗೆ ಒಪ್ಪಿಯೇ ಟೆಂಡರ್ ಹಾಕಿದವರು ಅದರಿಂದ ತಪ್ಪಿಸಿಕೊಳ್ಳಲಾಗದು.

ಹಾಗಾದರೆ ದಾರಿಯೇ ಇಲ್ಲವೇ? ಇದೆ, ಅದು ಟೆಂಡರ್ ದಾಖಲೆಯಲ್ಲೇ ಇರುತ್ತದೆ. ಸಲ್ಲಿಕೆಯ ಕೊನೆಯ ಗಡುವಿನೊಳಗೆ ಹಿಂಪಡೆದರೆ ಸಾಮಾನ್ಯವಾಗಿ ನಷ್ಟವಿಲ್ಲ. ಇನ್ನೊಂದು ದಾರಿ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಚರಂಡಿ ಕಾಮಗಾರಿಯೊಂದರ ಟೆಂಡರ್‌ಗೆ ಜೂನ್ 10ರಿಂದ 90 ದಿನಗಳ ಊರ್ಜಿತಾವಧಿ ಎಂದಿಟ್ಟುಕೊಳ್ಳಿ. ಅದು ಸೆಪ್ಟೆಂಬರ್ 8ಕ್ಕೆ ಮುಗಿಯುತ್ತದೆ. ಆಗಸ್ಟ್ 20ರಂದು ಗುತ್ತಿಗೆದಾರ ಹಿಂದೆ ಸರಿದರೆ ಇಎಂಡಿ ಮುಟ್ಟುಗೋಲು. ಅದರ ಬದಲು ಆತ ಕಾದಿದ್ದು, ಕಚೇರಿ ನಿರ್ಧಾರ ಮಾಡದೆ ಸೆಪ್ಟೆಂಬರ್ 2ರಂದು ಅವಧಿ ವಿಸ್ತರಿಸಿ ಎಂದು ಪತ್ರ ಬರೆದರೆ ಸ್ಥಿತಿ ಬದಲಾಗುತ್ತದೆ. ವಿಸ್ತರಣೆಗೆ ಒಪ್ಪದ ಟೆಂಡರುದಾರನ ಠೇವಣಿ ಮುಟ್ಟುಗೋಲಾಗದು ಎಂಬ ಷರತ್ತು ನಮ್ಮ ಸರ್ಕಾರಿ ಮಾದರಿ ದಾಖಲೆಗಳಲ್ಲಿದೆ. ಆದರೆ ಆ ಪತ್ರಕ್ಕೆ ಓದದೆ ಸಹಿ ಹಾಕಿ, ವಾರ ಕಳೆದು ಹಿಂದೆ ಸರಿದವರಿಗೆ ಈ ರಕ್ಷಣೆ ಇಲ್ಲ. ನನಗೆ ಅತ್ಯಂತ ಬೇಸರ ತರುವ ನಷ್ಟ ಇದೇ.

ನಿರಾಕರಣೆಯ ಪತ್ರದಲ್ಲಿ ಅಳಲು ತೋಡಿಕೊಳ್ಳಬೇಕಿಲ್ಲ. ಟೆಂಡರ್ ಸಂಖ್ಯೆ, ಕಾಮಗಾರಿಯ ಹೆಸರು, ಊರ್ಜಿತಾವಧಿ ಮುಗಿಯುವ ದಿನ, ‘ವಿಸ್ತರಣೆಗೆ ಒಪ್ಪಿಗೆ ಇಲ್ಲ’ ಎಂಬ ಒಂದು ವಾಕ್ಯ, ಕಾರಣ, ಆಧಾರವಾದ ಷರತ್ತಿನ ಸಂಖ್ಯೆ, ಇಎಂಡಿ ಪಾವತಿಯ ವಿವರ ಇರಲಿ. ದರ ಏರಿದ್ದಕ್ಕೆ ದಾಖಲೆ ಇದ್ದರೆ ಲಗತ್ತಿಸಿ. ಇಎಂಡಿ ಬ್ಯಾಂಕ್ ಗ್ಯಾರಂಟಿ ರೂಪದಲ್ಲಿದ್ದರೆ ಮೂಲ ಪ್ರತಿಯನ್ನೇ ವಾಪಸ್ ಕೇಳಿ. ಪತ್ರವನ್ನು ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ತಾರೀಖಿನ ಸಮೇತ ಮೊಹರು ಹಾಕಿಸಿಕೊಳ್ಳಿ. ವಿವಾದ ಬಂದಾಗ ಆ ತಾರೀಖೇ ನಿಮ್ಮ ಸಾಕ್ಷಿ.

ಕಚೇರಿಗಳಿಗೂ ಒಂದು ಮಾತು: ಅವಧಿ ಮುಗಿಯುವವರೆಗೆ ಕಡತ ಇಟ್ಟುಕೊಂಡವರು, ವಿಸ್ತರಣೆ ನಿರಾಕರಿಸಿದವರ ಹಣವನ್ನಾದರೂ ಅಲೆದಾಡಿಸದೆ ಕೊಡಬೇಕು.