ಹತ್ತು ರೂಪಾಯಿಯ ಯೂನಿಟ್ ಅಗ್ಗವೇ?

ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಒಂದು ಸಂಜೆ ಎರಡು ಅರ್ಜಿ ಹಿಡಿದುಕೊಂಡು ಮನೆಗೆ ಬಂದರು. ಒಂದು ಆಗಷ್ಟೇ ಶುರುವಾಗುತ್ತಿದ್ದ ಮ್ಯೂಚುವಲ್ ಫಂಡಿನದು, ಯೂನಿಟ್‌ಗೆ 10 ರೂಪಾಯಿ. ಇನ್ನೊಂದು ಹಳೆಯ ಫಂಡಿನದು, ಅದರ ಎನ್‌ಎವಿ 500 ರೂಪಾಯಿ. "ಹತ್ತು ರೂಪಾಯಿದೇ ತಗೊಳ್ತೀನಿ ಕಣಪ್ಪಾ. ಹತ್ತು ಸಾವಿರಕ್ಕೆ ಸಾವಿರ ಯೂನಿಟ್ ಬರುತ್ತೆ. ಅದರಲ್ಲಾದರೆ ಬರೀ ಇಪ್ಪತ್ತು" ಎಂದರು.

ಮೇಷ್ಟ್ರ ಗುಣಾಕಾರದಲ್ಲಿ ತಪ್ಪಿರಲಿಲ್ಲ. ಎನ್‌ಎವಿಯನ್ನು ಅವರು ಸಂತೆಯ ಟೊಮೆಟೊ ದರದ ಹಾಗೆ ಓದಿದ್ದರು, ಅಷ್ಟೇ. ಅದು ಸಂತೆಯ ದರವಲ್ಲ, ಪಾಲಿನ ಲೆಕ್ಕ. ನಾವಿಬ್ಬರೂ ಒಂದು ಹಾಳೆ ತೆಗೆದುಕೊಂಡು ಸಣ್ಣದೊಂದು ಫಂಡನ್ನೇ ಕಟ್ಟಿದೆವು.

ಮೂವರು ಸೇರಿದ್ದಾರೆ ಅಂದುಕೊಳ್ಳಿ. ಒಬ್ಬ ಟೀಚರ್ 10,000 ಹಾಕಿದರು, ಒಬ್ಬ ಅಂಗಡಿಯವರು 30,000, ಒಬ್ಬ ಅಡಿಕೆ ಬೆಳೆಗಾರರು 60,000. ಒಟ್ಟು ಒಂದು ಲಕ್ಷ. ಯೂನಿಟ್‌ಗೆ 10 ರೂಪಾಯಿಯಂತೆ 10,000 ಯೂನಿಟ್‌ಗಳು ಹುಟ್ಟಿದವು. ಟೀಚರ್‌ಗೆ 1,000, ಅಂಗಡಿಯವರಿಗೆ 3,000, ಬೆಳೆಗಾರರಿಗೆ 6,000. ಫಂಡ್ ಮ್ಯಾನೇಜರ್ 95,000 ರೂಪಾಯಿಗೆ ಹತ್ತಾರು ಕಂಪನಿಗಳ ಷೇರು ಕೊಂಡು, 5,000 ನಗದು ಉಳಿಸಿಕೊಂಡರು. ಯಾವ ಷೇರು ಯಾರದು ಎಂದು ಇಲ್ಲಿ ಯಾರೂ ಕೇಳುವ ಹಾಗಿಲ್ಲ. ಪ್ರತಿ ಷೇರಿನಲ್ಲೂ ಟೀಚರ್‌ಗೆ ಹತ್ತರಲ್ಲಿ ಒಂದು ಪಾಲಿದೆ. ಹತ್ತು ಸಾವಿರದಲ್ಲಿ ಒಬ್ಬರೇ ಅಷ್ಟೊಂದು ಕಂಪನಿಗಳ ಷೇರು ಕೊಳ್ಳುವುದು ಕಷ್ಟ, ಹಣ ಒಟ್ಟಾದಾಗ ಅದು ಸಾಧ್ಯವಾಯಿತು. ಈ ಷೇರುಗಳು ಮ್ಯಾನೇಜರ್ ಕೈಯಲ್ಲಿ ಇರುವುದಿಲ್ಲ. ಕಸ್ಟೋಡಿಯನ್ ಎಂಬ ಬೇರೆಯೇ ಸಂಸ್ಥೆ ಕಾಪಾಡುತ್ತದೆ, ಹೂಡಿಕೆದಾರರ ಪರವಾಗಿ ಟ್ರಸ್ಟಿಗಳು ಮೇಲುಸ್ತುವಾರಿ ನೋಡುತ್ತಾರೆ.

ಕೆಲವು ತಿಂಗಳಾದ ಮೇಲೆ ಆ ಷೇರುಗಳ ಬೆಲೆ 1,15,000 ಆಯಿತು. ನಗದು 5,000 ಹಾಗೇ ಇದೆ. ಕಂಪನಿಗಳಿಂದ ಬರಬೇಕಾದ ಡಿವಿಡೆಂಡ್ 600 ರೂಪಾಯಿ, ಫಂಡ್ ಕೊಡಬೇಕಾದ ಶುಲ್ಕ ಮತ್ತು ಖರ್ಚು 600. ಇರುವುದನ್ನೂ ಬರಬೇಕಾದ್ದನ್ನೂ ಕೂಡಿ, ಕೊಡಬೇಕಾದ್ದನ್ನು ಕಳೆದರೆ 1,20,000. ಅದನ್ನು 10,000 ಯೂನಿಟ್‌ಗಳಿಂದ ಭಾಗಿಸಿದರೆ 12 ರೂಪಾಯಿ. ಇದೇ ಎನ್‌ಎವಿ, ನಿವ್ವಳ ಆಸ್ತಿ ಮೌಲ್ಯ. ನಿಜವಾದ ಫಂಡುಗಳು ಈ ಲೆಕ್ಕವನ್ನು ಷೇರುಪೇಟೆ ನಡೆದ ಪ್ರತಿದಿನ ಮಾಡುತ್ತವೆ. ಸಾಮಾನ್ಯವಾಗಿ ಅದೇ ರಾತ್ರಿ 11 ಗಂಟೆಯೊಳಗೆ ಪ್ರಕಟಿಸಲೇಬೇಕು. ಫಂಡ್ ನಡೆಸುವ ಖರ್ಚನ್ನು ದಿನದ ಲೆಕ್ಕದಲ್ಲೇ ಕಳೆದಿರುತ್ತಾರೆ. ಅದಕ್ಕೆಂದು ನಿಮಗೆ ಬೇರೆ ಬಿಲ್ ಬರುವುದಿಲ್ಲ.

ದಿನದಿನವೂ ಈ ಪಾಟಿ ಲೆಕ್ಕ ಯಾಕೆ ಎಂದು ಮೇಷ್ಟ್ರು ಕೇಳಿದರು. ಫಂಡಿನ ಬಾಗಿಲು ಸದಾ ತೆರೆದಿರುತ್ತದಲ್ಲ, ಅದಕ್ಕೇ. ನಮ್ಮ ಹಾಳೆಯ ಫಂಡಿಗೆ ನಾಲ್ಕನೆಯವರೊಬ್ಬರು 24,000 ತಂದರು. 12 ರೂಪಾಯಿಯಂತೆ ಅವರಿಗೆ 2,000 ಯೂನಿಟ್. ಈಗ ಒಟ್ಟು 1,44,000, ಯೂನಿಟ್ 12,000, ಎನ್‌ಎವಿ ಮತ್ತೆ 12. ಯಾರಿಗೂ ಲಾಭವಿಲ್ಲ, ಯಾರಿಗೂ ನಷ್ಟವಿಲ್ಲ. ಅದೇ ಅವರಿಗೆ ಹಳೆಯ 10 ರೂಪಾಯಿ ದರದಲ್ಲೇ 2,400 ಯೂನಿಟ್ ಕೊಟ್ಟಿದ್ದರೆ? 1,44,000ವನ್ನು 12,400 ಮಂದಿ ಯೂನಿಟ್‌ಗಳಿಗೆ ಹಂಚಬೇಕು, ಎನ್‌ಎವಿ ಸುಮಾರು 11.61ಕ್ಕೆ ಇಳಿಯುತ್ತದೆ. ಬಂದ ದಿನವೇ ಹೊಸಬರ ಪಾಲು ಸುಮಾರು 3,870 ರೂಪಾಯಿ ಹೆಚ್ಚಾಗುತ್ತದೆ, ಆ ಹಣ ಮೊದಲಿನ ಮೂವರ ಜೇಬಿನಿಂದ ಹೋಗಿರುತ್ತದೆ.

ಹೊರಗೆ ಹೋಗುವಾಗಿನ ಅನ್ಯಾಯ ಇದಕ್ಕಿಂತ ಘೋರ. ಪೇಟೆ ಕುಸಿದು ಮೊದಲಿನ ಮೂವರ ಫಂಡ್ 80,000ಕ್ಕೆ ಇಳಿಯಿತೆನ್ನಿ. ಎನ್‌ಎವಿ 8. ಆದರೂ ಫಂಡ್ "10ಕ್ಕೇ ವಾಪಸ್ ಕೊಳ್ಳುತ್ತೇವೆ" ಎನ್ನುತ್ತದೆ. ಸುದ್ದಿ ಮೊದಲೇ ತಿಳಿದ ಬೆಳೆಗಾರರು 6,000 ಯೂನಿಟ್ ಕೊಟ್ಟು 60,000 ಎತ್ತಿಕೊಂಡು ಹೋಗುತ್ತಾರೆ. ಉಳಿದದ್ದು 20,000 ರೂಪಾಯಿ, 4,000 ಯೂನಿಟ್. ಟೀಚರ್ ಮತ್ತು ಅಂಗಡಿಯವರ ಯೂನಿಟ್ ಒಂದಕ್ಕೆ 5 ರೂಪಾಯಿ ಮಾತ್ರ!

ಈ ಕಥೆ ಹಾಳೆಯ ಮೇಲಷ್ಟೇ ನಡೆದದ್ದಲ್ಲ. ಯೂನಿಟ್ ಟ್ರಸ್ಟ್ ಆಫ್ ಇಂಡಿಯಾ 1964ರಲ್ಲಿ ಶುರುಮಾಡಿದ ಯುಎಸ್-64 ನಮ್ಮ ದೇಶದ ಮೊದಲ ಇಂಥ ಯೋಜನೆ. ಅದರ ಕೊಡು-ಕೊಳ್ಳುವ ದರ ಎನ್‌ಎವಿಯ ಮೇಲೆ ನಿಂತಿರಲಿಲ್ಲ, ಸಂಸ್ಥೆಯೇ ನಿಗದಿ ಮಾಡುತ್ತಿತ್ತು. ಒಳಗಿನ ಆಸ್ತಿ ಕರಗಿದರೂ ಹೊರಗಿನ ದರ ಎತ್ತರದಲ್ಲೇ ಇತ್ತು. 2001ರ ಬೇಸಿಗೆಯಲ್ಲಿ ದೊಡ್ಡ ಕಂಪನಿಗಳು ಭಾರಿ ಮೊತ್ತ ಹಿಂತೆಗೆದವು. ಆ ಜುಲೈನಲ್ಲಿ ಯುಎಸ್-64ರ ಮಾರಾಟ, ಮರುಖರೀದಿ ಎರಡನ್ನೂ ನಿಲ್ಲಿಸಲಾಯಿತು. ನಿವೃತ್ತಿಯ ಹಣ ಇಟ್ಟಿದ್ದವರು ಹೊರಗೆ ನಿಂತರು. ಸಣ್ಣ ಹೂಡಿಕೆದಾರರಿಗೆ 3,000 ಯೂನಿಟ್‌ವರೆಗೆ 10 ರೂಪಾಯಿಯಿಂದ ಆರಂಭವಾಗುವ ದರದಲ್ಲಿ ಆಗಸ್ಟ್‌ನಿಂದ ಒಂದು ದಾರಿ ತೆರೆದರು, ಭಾರ ಕೊನೆಗೆ ಸರ್ಕಾರದ ಖಜಾನೆಯ ಮೇಲೆ ಬಿತ್ತು. 2002ರ ಜನವರಿಯಿಂದ ಆ ಯೋಜನೆ ಎನ್‌ಎವಿ ಆಧಾರಕ್ಕೆ ಬಂತು. ಮೊದಲ ದಿನದಿಂದಲೇ ಹಾಗಿದ್ದಿದ್ದರೆ ನಷ್ಟ ತಪ್ಪುತ್ತಿರಲಿಲ್ಲ, ಆದರೆ ಅದು ಎಲ್ಲರ ಮೇಲೂ ಸಮನಾಗಿ ಬೀಳುತ್ತಿತ್ತು. ನನ್ನ ಮಟ್ಟಿಗೆ ಎನ್‌ಎವಿಯ ಮುಖ್ಯ ಕೆಲಸವೇ ಅದು.

ಇವತ್ತು ಷೇರು ಫಂಡಿನ ಅರ್ಜಿ ಮಧ್ಯಾಹ್ನ 3 ಗಂಟೆಯೊಳಗೆ ಸೇರಿ, ಹಣವೂ ಅಷ್ಟರೊಳಗೆ ಫಂಡಿನ ಖಾತೆಗೆ ಜಮಾ ಆದರೆ ಆ ದಿನದ ಎನ್‌ಎವಿ, ತಡವಾದರೆ ಮುಂದಿನ ವಹಿವಾಟಿನ ದಿನದ್ದು. ಅರ್ಜಿ ಹಾಕುವಾಗ ಯಾವ ದರ ಸಿಗುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಿದ್ದರೆ ನಿನ್ನೆಯ ಅಗ್ಗದ ದರ ಹಿಡಿದು ಇಂದಿನ ಏರಿಕೆ ಕದಿಯಬಹುದಿತ್ತು.

ಎನ್‌ಎವಿಗೂ ಒಂದು ಮಿತಿಯಿದೆ. ಷೇರುಗಳಿಗೆ ದಿನವೂ ಪೇಟೆಯ ಬೆಲೆ ಇರುತ್ತದೆ, ಕಂಪನಿಗಳ ಸಾಲಪತ್ರಗಳಲ್ಲಿ ಎಷ್ಟೋ ದಿನಗಟ್ಟಲೆ ಕೈ ಬದಲಾಗುವುದೇ ಇಲ್ಲ. ಅವುಗಳ ಬೆಲೆಯನ್ನು ಅಂದಾಜಿನ ಸೂತ್ರದಿಂದ ಕಟ್ಟುತ್ತಾರೆ. 2020ರ ಏಪ್ರಿಲ್‌ನಲ್ಲಿ ಫ್ರಾಂಕ್ಲಿನ್ ಟೆಂಪಲ್‌ಟನ್ ಸಂಸ್ಥೆ ಸುಮಾರು 25,000 ಕೋಟಿ ರೂಪಾಯಿಯ ಆರು ಸಾಲಪತ್ರ ಯೋಜನೆಗಳನ್ನು ಮುಚ್ಚಲು ಹೊರಟಾಗ ಹೂಡಿಕೆದಾರರಿಗೆ ಹಣ ತಕ್ಷಣ ಸಿಗಲಿಲ್ಲ. ಆ ವ್ಯಾಜ್ಯ ಬಂದದ್ದು ಕರ್ನಾಟಕ ಹೈಕೋರ್ಟಿಗೆ. ಯೂನಿಟ್ ಹೊಂದಿದವರ ಒಪ್ಪಿಗೆಯಿಲ್ಲದೆ ಮುಚ್ಚುವಂತಿಲ್ಲವೆಂದು ನ್ಯಾಯಾಲಯ ಅದೇ ಅಕ್ಟೋಬರ್‌ನಲ್ಲಿ ಹೇಳಿತು. ಹಣ ಮುಂದೆ ಕಂತುಗಳಲ್ಲಿ ಮರಳಿತು. ಅಂದರೆ ಎನ್‌ಎವಿ ಪಾಲಿನ ಬೆಲೆ ಹೇಳುತ್ತದೆ, ಅದನ್ನು ಆ ಕ್ಷಣ ನಗದು ಮಾಡಬಹುದೇ ಎಂಬುದು ಒಳಗಿನ ವಸ್ತುವಿನ ಮೇಲೆ ನಿಂತಿದೆ.

ಮೇಷ್ಟ್ರ ಪ್ರಶ್ನೆಗೆ ಬರೋಣ. ಎರಡೂ ಫಂಡುಗಳು ಒಂದೇ ಕಂಪನಿಗಳ ಷೇರನ್ನು ಒಂದೇ ಪ್ರಮಾಣದಲ್ಲಿ ಇಟ್ಟು, ಶೇಕಡ 10 ಏರಿದರೆ, 10 ರೂಪಾಯಿಯ ಯೂನಿಟ್ 11 ಆಗುತ್ತದೆ, 500ರದು 550. ಸಾವಿರ ಯೂನಿಟ್ ಇದ್ದವರಿಗೂ 11,000, ಇಪ್ಪತ್ತು ಯೂನಿಟ್ ಇದ್ದವರಿಗೂ 11,000. ಎನ್‌ಎವಿ 500 ಆಗಿರುವುದೆಂದರೆ ಆ ಫಂಡ್ ದುಬಾರಿ ಎಂದಲ್ಲ, ಅದರೊಳಗಿನ ಆಸ್ತಿ ವರ್ಷಗಳಿಂದ ಬೆಳೆದುಬಂದಿದೆ ಎಂದಷ್ಟೇ. ಮೇಷ್ಟ್ರು ಹಾಳೆ ಮಡಚಿ ಜೇಬಿಗಿಟ್ಟುಕೊಂಡು, "ಹಾಗಾದ್ರೆ ನೋಡಬೇಕಾದ್ದು ಏನು?" ಎಂದರು.

ಒಳಗೇನಿದೆ ಎಂಬುದನ್ನು. ತಿಂಗಳು ಮುಗಿದ ಹತ್ತು ದಿನದೊಳಗೆ ಪ್ರತಿ ಫಂಡೂ ತಾನು ಯಾವ ಷೇರು, ಯಾವ ಸಾಲಪತ್ರ ಇಟ್ಟಿದೆ ಎಂಬ ಪೂರ್ತಿ ಪಟ್ಟಿಯನ್ನು ಪ್ರಕಟಿಸಬೇಕು. ಅದನ್ನು ಯಾರು ಬೇಕಾದರೂ ನೋಡಬಹುದು. ಅರ್ಜಿಗೆ ಸಹಿ ಹಾಕುವ ಮುಂಚೆ ಆ ಪಟ್ಟಿಯನ್ನೂ ಖರ್ಚಿನ ಪ್ರಮಾಣವನ್ನೂ ಒಮ್ಮೆ ಓದಿ.