ಕೀಲಿ ಕೊಟ್ಟರಾಯಿತೇ, ಚೀಟಿ ಎಲ್ಲಿ?

ಹಾಸ್ಟೆಲ್ ಠೇವಣಿ ಸಿಕ್ಕಿಬೀಳುವುದು ಹೆಚ್ಚಾಗಿ ಒಂದು ಚೀಟಿಯಿಲ್ಲದೆ. ಕೊಠಡಿ ಬಿಡುವಾಗ ವಾರ್ಡನ್ ಮಂಚ, ಟೇಬಲ್, ಫ್ಯಾನು ನೋಡಿ ಸಹಿ ಹಾಕುವ ಕ್ಲಿಯರೆನ್ಸ್ ಚೀಟಿ ಅದು. ಬಸ್ಸಿನ ಗಡಿಬಿಡಿಯಲ್ಲಿ ಕೀಲಿಯನ್ನು ವಾಚ್‌ಮನ್ ಕೈಗಿತ್ತು ಊರಿಗೆ ಹೋದವರು, ತಿಂಗಳ ಮೇಲೆ ‘ಕಿಟಕಿ ಗಾಜು ಒಡೆದಿತ್ತಲ್ಲ’ ಎಂದರೆ ಏನು ಹೇಳಿಯಾರು?

ಚೀಟಿಯಲ್ಲಿ ಕೊಠಡಿ ಸಂಖ್ಯೆ, ಸಹಿ, ಮೊಹರಿನ ಜೊತೆಗೆ ಕೀಲಿ ಒಪ್ಪಿಸಿದ ತಾರೀಖು ಇರಲೇಬೇಕು. ಇಲ್ಲದಿದ್ದರೆ ಮುಂದಿನ ತಿಂಗಳ ಬಾಡಿಗೆಯೂ ನಿಮ್ಮ ತಲೆಗೇ ಬಂದೀತು. ಖಾಲಿ ಕೊಠಡಿಯ ಫೋಟೊ ತೆಗೆದಿಡಿ. ಆದರೆ ಅದು ಸಹಿಗೆ ಸಮವಲ್ಲ.

ಠೇವಣಿ 10,000 ರೂಪಾಯಿ, ಮೆಸ್ ಬಾಕಿ 1,150, ಕೆಟ್ಟ ರೆಗ್ಯುಲೇಟರಿಗೆ 250 ಎಂದುಕೊಳ್ಳಿ. ಅರ್ಜಿ ಇಷ್ಟಿದ್ದರೆ ಸಾಕು: ‘204ನೇ ಕೊಠಡಿಯನ್ನು ಮೇ 31ರಂದು ತೆರವು ಮಾಡಿದ್ದೇನೆ. 1,400 ರೂಪಾಯಿ ಕಡಿತಗೊಳಿಸಿ, ಉಳಿದ 8,600 ರೂಪಾಯಿಯನ್ನು ನನ್ನ ಖಾತೆಗೆ ಜಮಾ ಮಾಡಬೇಕಾಗಿ ವಿನಂತಿ. ಕ್ಲಿಯರೆನ್ಸ್ ಚೀಟಿ, ಠೇವಣಿ ರಸೀದಿ, ಪಾಸ್‌ಬುಕ್ಕಿನ ಮೊದಲ ಪುಟದ ನಕಲು ಲಗತ್ತಿಸಿದೆ.’ ಬಾಕಿಯನ್ನು ನಾವೇ ಲೆಕ್ಕ ಹಾಕಿ ಬರೆದರೆ ಗುಮಾಸ್ತರಿಗೆ ಕಡತ ತಡೆಹಿಡಿಯಲು ನೆಪ ಕಡಿಮೆ.

ಠೇವಣಿ ಕಟ್ಟಿದ್ದು ಅಪ್ಪನಾಗಿದ್ದು ಖಾತೆ ಮಗಳದಾದರೆ, ಅಪ್ಪನ ಒಪ್ಪಿಗೆ ಪತ್ರವನ್ನೂ ಸೇರಿಸುವುದು ಒಳ್ಳೆಯದು. ಕೊಡುವಾಗ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮೂಲ ಚೀಟಿ ಮಾತ್ರ ನಿಮ್ಮ ಫೈಲಿನಲ್ಲೇ ಇರಲಿ.